ಟಗರಿಗೆ ಹಳದಿ, ಅಂದಾನೆಪ್ಪನಿಗೆ ಬಿಳಿ

ಶಲವಡಿಯ ಅಂದಾನೆಪ್ಪನನ್ನು ನೋಡಬೇಕೆಂದರೆ ಮೊದಲು ಅವನ ಟಗರನ್ನು ನೋಡಬೇಕಿತ್ತು. ಬೆಳಿಗ್ಗೆ ಎರೆಹೊಲದ ದಾರಿಯಲ್ಲಿ ಕರಿಯ ಎಂಬ ಆ ಟಗರು ಮುಂದೆ, ಹಗ್ಗ ಹಿಡಿದ ಇವನು ಹಿಂದೆ, ಇಬ್ಬರೂ ಓಡುತ್ತ ಬರುತ್ತಿದ್ದರು. ಕಾಳಗದ ಟಗರಿಗೆ ದಮ್ಮು ಬರಬೇಕಾದರೆ ದಿನಾಲು ಎರಡು ಮೂರು ಮೈಲಿ ಓಡಿಸಬೇಕಂತೆ. ಓಡಿಸುವವನು ಸೈಕಲ್ ಹತ್ತಿದರೆ ಟಗರಿಗೆ ಅವಮಾನ ಎಂದು ಅಂದಾನೆಪ್ಪ ನಂಬಿದ್ದ. ಮೂವತ್ತು ದಾಟಿದ, ಮೈಕೈ ತುಂಬಿದ ಆಳು. ಮಾತು ಕಡಿಮೆ, ಪ್ರಶ್ನೆ ಜಾಸ್ತಿ.

ನಾನು ಸರ್ಕಾರದ ನೌಕರ. ಕುಷ್ಠರೋಗದ ಸಮೀಕ್ಷೆ ನನ್ನ ಕೆಲಸ. ಸೈಕಲ್ಲಿನ ಹಿಂದೆ ರಿಜಿಸ್ಟರು, ಜೇಬಿನಲ್ಲಿ ಒಂದು ಕೋಳಿ ಗರಿ. ಮನೆಮನೆಗೆ ಹೋಗಿ ಎಲ್ಲರ ಮೈಮೇಲಿನ ಮಚ್ಚೆ ನೋಡುವುದು, ಕಣ್ಣು ಮುಚ್ಚಿಸಿ ಗರಿ ತಾಗಿಸುವುದು, ತಾಗಿದ್ದು ಗೊತ್ತಾಯಿತೇ ಎಂದು ಕೇಳುವುದು. ಗೊತ್ತಾಗದಿದ್ದರೆ ಅಲ್ಲಿ ರೋಗದ ಗುಮಾನಿ. ನನ್ನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು, ಹಾಕಿದ ಬಾಗಿಲನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದೆ. ಆ ಸ್ವಭಾವದಿಂದಲೇ ಅಂದಾನೆಪ್ಪನಿಗೆ ದೊಡ್ಡ ಅನ್ಯಾಯ ಮಾಡಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಂಬತ್ತಾರನೇ ಇಸವಿ, ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಅಂದಾನೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಮುಖ ನೋಡಿ ಸೈಕಲ್ಲಿನಿಂದ ಇಳಿದೆ. ಎರಡೂ ಹುಬ್ಬು ಮುಕ್ಕಾಲು ಉದುರಿದ್ದವು. ಕಣ್ಣು, ಮೂಗು, ಬಾಯಿಯ ಸುತ್ತ ಚರ್ಮ ಕೆಂಪಾಗಿ ಹೊಟ್ಟು ಏಳುತ್ತಿತ್ತು. ಕೈಬೆರಳಲ್ಲಿ ಇರುವೆ ಹರಿದಂತಾಗುತ್ತದೆ ಎಂದ. ಹುಬ್ಬು ಉದುರುವುದು, ಮುಖ ಕೆಂಪಾಗುವುದು, ಬೆರಳು ಜುಂ ಎನ್ನುವುದು. ನನ್ನಂಥವನಿಗೆ ಇನ್ನೇನು ಬೇಕು? ಅಲ್ಲೇ, ಬೀದಿಯಲ್ಲಿ ಓಡಾಡುವವರೆಲ್ಲ ನೋಡುತ್ತಿರುವಾಗ, ಅಂಗಿ ಬಿಚ್ಚಿಸಿ ಗರಿ ಹಿಡಿದೆ. ಕಿವಿಯ ತುದಿಯಿಂದ ಚೂರು ರಸ ತೆಗೆದು ಗಾಜಿನ ಮೇಲೆ ಸವರಿಕೊಂಡೆ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ 'ಶಂಕಿತ' ಎಂದು ಬರೆದೆ.

ಬರೆಯುವ ಮೊದಲು ನಾನು ಒಂದು ಮಾತನ್ನು ಗಮನಿಸಬೇಕಿತ್ತು. ಗರಿ ತಾಗಿಸಿದಲ್ಲೆಲ್ಲ ಅವನಿಗೆ ಗೊತ್ತಾಗುತ್ತಿತ್ತು. ಕೆನ್ನೆ, ಮುಂಗೈ, ಪಾದ, ಯಾವುದೂ ಸತ್ತಿರಲಿಲ್ಲ. ಮೊಣಕೈಯ ಹಿಂದಿನ ನರವೂ ದಪ್ಪಗಾಗಿರಲಿಲ್ಲ. ಗಮನಿಸಿದೆ, ಆದರೆ ಹುಬ್ಬೇ ಕಣ್ಣು ಕಟ್ಟಿಬಿಟ್ಟಿತ್ತು.

ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಆ ರೋಗದ ಹೆಸರನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ಬ್ಯಾನಿ ಎನ್ನುತ್ತಾರೆ. ಅಂದಾನೆಪ್ಪ ಮನೆಅಳಿಯ. ಮನೆ ಅವನ ಅತ್ತೆ ಹನಮವ್ವನದು, ಕುರಿ ಅವಳವು, ಮಾತೂ ಅವಳದೇ. ಆಕೆ ಕೂಗಾಡಲಿಲ್ಲ, ಅಳಲಿಲ್ಲ. ಅವನ ತಾಟು, ತಂಬಿಗೆ, ಕಂಬಳಿ ಮೂರನ್ನೂ ತಂದು ಹಿತ್ತಲಿನಾಚೆಯ ಕುರಿಹಟ್ಟಿಯ ಬಾಗಿಲಲ್ಲಿ ಇಟ್ಟಳು. ಅವನೂ ಅಲ್ಲಿಗೇ ಹೋದ. ಹೆಂಡತಿ ಫಕೀರವ್ವ ರೊಟ್ಟಿ ತಂದರೆ ದೂರದಲ್ಲೇ ಇಡು ಎನ್ನುತ್ತಿದ್ದ. ನಾಲ್ಕು ವರ್ಷದ ಮಗಳು ರಾಮವ್ವ ಅಪ್ಪನ ಹತ್ತಿರ ಓಡಿ ಬಂದರೆ ಟಗರಿನ ಹಿಂದೆ ಸರಿದುಕೊಳ್ಳುತ್ತಿದ್ದ. ಮಗು ಅದನ್ನು ಆಟವೆಂದು ತಿಳಿದು ನಗುತ್ತಿತ್ತಂತೆ. ಇದನ್ನು ಫಕೀರವ್ವ ನನಗೆ ಹೇಳಿದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹದಿನೈದು ದಿನಕ್ಕೆ ಹುಬ್ಬಳ್ಳಿಯಿಂದ ಗಾಜಿನ ವರದಿ ಬಂತು. ರೋಗಾಣು ಕಂಡಿಲ್ಲ. ಖುಷಿಯಿಂದ ಸೈಕಲ್ ತುಳಿದುಕೊಂಡು ಹೋದೆನಾದರೂ ದಾರಿಯಲ್ಲೇ ಖುಷಿ ಇಳಿಯಿತು. ಕುಷ್ಠದ ಕೆಲವು ಬಗೆಗಳಲ್ಲಿ ಗಾಜಿನ ಮೇಲೆ ರೋಗಾಣು ಕಾಣುವುದಿಲ್ಲ. ಆ ಬಗೆಗಳಲ್ಲಿ ಮಚ್ಚೆ ಮರಗಟ್ಟಿರಬೇಕು, ಇವನದು ಮರಗಟ್ಟಿಲ್ಲ. ಹುಬ್ಬು ಉದುರಿಸುವ ಬಗೆಯಲ್ಲಿ ಗಾಜಿನ ತುಂಬ ರೋಗಾಣು ಇರಬೇಕು, ಇವನಲ್ಲಿ ಒಂದೂ ಇಲ್ಲ. ಹಾಗಾದರೆ ಇದೇನು? ಹನ್ನೊಂದು ವರ್ಷದ ನೌಕರಿಯಲ್ಲಿ ಇಂಥ ಒಗಟು ನನಗೆ ಸಿಕ್ಕಿರಲಿಲ್ಲ. ವಾರಕ್ಕೆ ಎರಡು ಸಲ ಕುರಿಹಟ್ಟಿಗೆ ಹೋಗತೊಡಗಿದೆ. ಕರ್ತವ್ಯ ಅಂತಲ್ಲ, ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು.

ಹೋದಾಗೆಲ್ಲ ಅವನು ಕರಿಯನ ಮೇವು ತಯಾರಿಸುತ್ತ ಕೂತಿರುತ್ತಿದ್ದ. ಅಣ್ಣಿಗೇರಿ ರಸ್ತೆಯ ಒಂದು ಕೋಳಿ ಫಾರ್ಮಿನಿಂದ ಒಡಕು ತತ್ತಿಗಳನ್ನು ಬುಟ್ಟಿಯಲ್ಲಿ ತರುತ್ತಿದ್ದ. ಹೊತ್ತಿಗೆ ಹನ್ನೆರಡು ತತ್ತಿ, ದಿನಕ್ಕೆ ಎರಡು ಹೊತ್ತು. ಒಂದೊಂದನ್ನೇ ಒಡೆದು, ಚಿಪ್ಪಿನಿಂದ ಚಿಪ್ಪಿಗೆ ಹಾಯಿಸಿ, ಹಳದಿಯನ್ನು ಜೋಳದ ಹಿಟ್ಟಿಗೆ ಹಾಕಿ ನಾದುತ್ತಿದ್ದ. ಬಿಳಿ ಲೋಳೆ ಪಕ್ಕದ ಹಿತ್ತಾಳೆ ಚರಿಗೆಗೆ. ಹಿಟ್ಟಿನ ಉಂಡೆಗಳು ಕರಿಯನ ಬಾಯಿಗೆ ಹೋಗುತ್ತಿದ್ದವು. ಚರಿಗೆಯನ್ನು ಅವನೇ ಎತ್ತಿ ಒಂದೇ ಗುಟುಕಿಗೆ ಕುಡಿದು, ಮೀಸೆ ಒರೆಸಿಕೊಳ್ಳುತ್ತಿದ್ದ.

ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಇಷ್ಟು ತಿಳಿಯಿತು. ಹಿಂದಿನ ಟಗರಿಗೆ ಇಡೀ ತತ್ತಿ ಕುಡಿಸುತ್ತಿದ್ದರು. ಕರಿಯನಿಗೆ ಬಿಳಿ ಕುಡಿಸಿದರೆ ಹಿಕ್ಕೆ ನೀರಾಗುತ್ತಿತ್ತು. ಅದಕ್ಕೆ ಹಳದಿ ಮಾತ್ರ ಸಾಕು ಎಂದು ಟಗರು ಸಾಕುವ ಹಿರಿಯರು ಹೇಳಿದರು. ಉಳಿದ ಬಿಳಿಯನ್ನು ತಿಪ್ಪೆಗೆ ಸುರಿಯಲು ಹೊರಟಾಗ ಹನಮವ್ವ ಗದರಿದಳಂತೆ. ತತ್ತಿ ಅಂದರೆ ಶಕ್ತಿ, ಚೆಲ್ಲುವ ಕೈಗೆ ಬರಕತ್ತು ಇರುವುದಿಲ್ಲ, ಓಡುವವನು ನೀನಲ್ಲವೇ, ಕುಡಿ. ಅತ್ತೆಯ ಮಾತು ತೆಗೆದುಹಾಕುವುದಕ್ಕೆ ಮನೆಅಳಿಯನಿಗೆ ಧೈರ್ಯ ಸಾಲದು. ಆಗಿನಿಂದ ಒಂದು ವರ್ಷವಾಗುತ್ತ ಬಂದಿತ್ತು. ಈಗ ಅವನು ಕರಿಯನನ್ನು ಓಡಿಸುತ್ತಿರಲಿಲ್ಲ. ಕಾಲಿನ ಮಾಂಸಖಂಡ ನೋಯುತ್ತವೆ, ಊಟ ಸೇರುವುದಿಲ್ಲ, ಯಾತಕ್ಕೂ ಮನಸ್ಸಿಲ್ಲ ಎಂದ. ರೊಟ್ಟಿ ಸೇರದಿದ್ದುದರಿಂದ ಬಿಳಿ ಲೋಳೆಯೇ ಅವನ ಮುಖ್ಯ ಆಹಾರವಾಗಿಬಿಟ್ಟಿತ್ತು. ಇಷ್ಟೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು. ನಾನು ಅವನ ಕಿವಿ ನೋಡುತ್ತಿದ್ದೆ, ಮೊಣಕೈ ಒತ್ತುತ್ತಿದ್ದೆ. ಚರಿಗೆಯನ್ನು ನೋಡಿಯೂ ನೋಡಲಿಲ್ಲ.

ಫೆಬ್ರವರಿಯಲ್ಲಿ ಕರಿಯನ ಮುಂಗಾಲ ಗೊರಸು ಬಾತುಕೊಂಡಿತು. ಅಂದಾನೆಪ್ಪ ತನ್ನ ಮುಖಕ್ಕೆ ಯಾವ ದವಾಖಾನೆಗೂ ಹೋಗುವವನಲ್ಲ, ಟಗರಿಗಾಗಿ ಮಾತ್ರ ಎದ್ದ. ಮುಖಕ್ಕೆ ಟವೆಲ್ ಸುತ್ತಿಕೊಂಡ. ಊರಿನ ಚಕ್ಕಡಿಯಲ್ಲಿ ಯಾರೂ ಹತ್ತಿಸಿಕೊಳ್ಳಲಿಲ್ಲ. ನಾನೇ ಜೊತೆಗೆ ನಡೆದೆ. ಕುಂಟುವ ಟಗರಿನೊಂದಿಗೆ ನಿಂತು ನಿಂತು ದನದ ದವಾಖಾನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

ಅಲ್ಲಿನ ದನದ ಡಾಕ್ಟರು ಇಮಾಮುದ್ದೀನ ಸಾಹೇಬರು. ತೆಳ್ಳಗಿನ, ಸಾವಕಾಶದ ಮನುಷ್ಯ. ಗೊರಸು ಕೆರೆದು, ಕೀವು ತೆಗೆದು, ಔಷಧ ಹಚ್ಚಿದರು. ಆಮೇಲೆ ಕರಿಯನ ತುಪ್ಪಟದಲ್ಲಿ ಬೆರಳಾಡಿಸಿ, ಇಷ್ಟು ಮಿಂಚುವ ಉಣ್ಣೆಗೆ ಏನು ಹಾಕುತ್ತೀ ಎಂದು ಕೇಳಿದರು. ಅಂದಾನೆಪ್ಪ ಟಗರಿನ ವಿಷಯವಾದರೆ ಮಾತಾಡುತ್ತಾನೆ. ಹಿಟ್ಟು, ತತ್ತಿ, ಹಳದಿ, ಎಲ್ಲವನ್ನೂ ಹೇಳಿದ. ಹೇಳುವ ಹುರುಪಿನಲ್ಲಿ ಟವೆಲ್ ಜಾರಿತು. ಡಾಕ್ಟರು ಅವನ ಮುಖವನ್ನು ನೋಡಿದರು, ಮತ್ತೆ ಟಗರನ್ನು ನೋಡಿದರು.

"ಬಿಳೇದು ಯಾರು ಕುಡೀತಾರ?" ಎಂದು ಕೇಳಿದರು.

"ನಾನ ರೀ. ಹಸೀದು. ದಿನಾ ಇಪ್ಪತ್ನಾಕ ತತ್ತೀದು."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ತಾವು ಮನುಷ್ಯರ ಡಾಕ್ಟರಲ್ಲ, ಇದನ್ನು ಖಾತ್ರಿಯಾಗಿ ಹೇಳುವ ಅಧಿಕಾರ ತಮಗಿಲ್ಲ ಎಂದು ಎರಡು ಸಲ ಹೇಳಿದರು. ಆದರೆ ಕಾಲೇಜಿನಲ್ಲಿ ಓದಿದ್ದು ನೆನಪಿಗೆ ಬಂದಿತ್ತು. ಹಸಿ ತತ್ತಿಯ ಬಿಳಿಯನ್ನೇ ಹೆಚ್ಚಾಗಿ ತಿನ್ನಿಸಿದ ಇಲಿಗಳಿಗೆ ಕಣ್ಣಿನ ಸುತ್ತ ಕೂದಲು ಉದುರುತ್ತದೆ, ಚರ್ಮ ಒಡೆಯುತ್ತದೆ. ಕೋಳಿಮರಿಗಳಿಗೂ ಹಾಗೆಯೇ, ಕೊಕ್ಕಿನ ಮೂಲೆಯಲ್ಲಿ, ಪಾದದಲ್ಲಿ ಹುಣ್ಣು. ಅದೇ ಬಿಳಿಯನ್ನು ಬೇಯಿಸಿ ಕೊಟ್ಟರೆ ಏನೂ ಆಗುವುದಿಲ್ಲ.

ನನ್ನ ಕಿವಿ ನಿಮಿರಿದವು. ಬೆಂದರೆ ಏನು ಬದಲಾಗುತ್ತದೆ ಎಂದು ನಾನು ಕೇಳುವ ಮೊದಲೇ ಅಂದಾನೆಪ್ಪ ಕೇಳಿದ. ಡಾಕ್ಟರು ಕರಿಯನ ಕುತ್ತಿಗೆಯ ಉಣ್ಣೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಮುಳ್ಳುಕಾಯಿಯನ್ನು ತೋರಿಸಿದರು. ಉಣ್ಣೆಗೆ ಕಚ್ಚಿದ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಕುರಿ ಸಾಕಿದವನಿಗೆ ಬೇರೆ ಹೇಳಬೇಕಿಲ್ಲ. ಹಸಿ ಬಿಳಿಯಲ್ಲಿ ಅವಿಡಿನ್ ಎಂಬ ಒಂದು ಪ್ರೋಟೀನು ಇರುತ್ತದೆ. ನಾವು ತಿನ್ನುವ ಅನ್ನದಲ್ಲಿ ಬಯೋಟಿನ್ ಎಂಬ ಒಂದು ಜೀವಸತ್ವ ಇರುತ್ತದೆ, ಬಹಳ ಚೂರು, ಆದರೆ ಚರ್ಮಕ್ಕೆ, ಕೂದಲಿಗೆ, ನರಕ್ಕೆ ಅದು ಬೇಕೇ ಬೇಕು. ಅವಿಡಿನ್ ಅದನ್ನು ಈ ಮುಳ್ಳಿನಂತೆ ಕಚ್ಚಿ ಹಿಡಿಯುತ್ತದೆ. ಹೊಟ್ಟೆಯಲ್ಲಿ ಜೀರ್ಣದ ರಸಕ್ಕೂ ಬಿಡುವುದಿಲ್ಲ, ಕರುಳಿಗೂ ಬಿಟ್ಟುಕೊಡುವುದಿಲ್ಲ. ಎರಡೂ ಹಾಗೇ ಜೋಡಿಯಾಗಿ ಮಲದಲ್ಲಿ ಹೊರಗೆ ಹೋಗುತ್ತವೆ. ಬೆಂಕಿ ತಾಗಿ ಬಿಳಿ ಗಟ್ಟಿಯಾದಾಗ ಅವಿಡಿನ್ನಿನ ಆಕಾರವೇ ಕೆಡುತ್ತದೆ, ಹಿಡಿಯುವ ಮುಳ್ಳು ಉಳಿಯುವುದಿಲ್ಲ. ಆಮೇಲೆ ಅದೂ ಒಂದು ಊಟವಷ್ಟೇ.

"ನೀ ಒಂದು ತತ್ತಿ, ಎರಡು ತತ್ತಿ, ಹಳದಿ ಕೂಡಿಸಿ ಕುಡದಿದ್ರ ಇಷ್ಟು ಆಗ್ತಿದ್ದಿಲ್ಲೋ ಏನೋ. ಬಯೋಟಿನ್ ಇರೂದು ಹಳದ್ಯಾಗ. ಅದನ್ನ ಟಗರಿಗೆ ಕೊಟ್ಟಿ, ಕಸಗೊಳ್ಳೂದನ್ನ ನೀ ಕುಡದಿ," ಎಂದರು ಡಾಕ್ಟರು.

ಅಂದಾನೆಪ್ಪನ ಪ್ರಶ್ನೆಗಳು ಮುಗಿಯಲಿಲ್ಲ. ಹಿಂದಿನ ಟಗರು ಇಡೀ ಹಸಿ ತತ್ತಿ ಕುಡಿದು ಗಟ್ಟಿಮುಟ್ಟಾಗಿತ್ತಲ್ಲ, ಅದಕ್ಕೆ ಯಾಕೆ ಏನೂ ಆಗಲಿಲ್ಲ? ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿದ್ದು, ಈ ಜೀವಸತ್ವವನ್ನು ಅವೇ ತಯಾರಿಸಿ ಕೊಡುತ್ತವೆ ಎಂದರು ಡಾಕ್ಟರು. ಮನುಷ್ಯನ ಕರುಳಿನಲ್ಲೂ ಅಂಥವು ಇವೆ, ಆದರೆ ಇಂಥ ಕೊರತೆಯನ್ನು ತುಂಬುವಷ್ಟು ಆಗುವುದಿಲ್ಲ. ಹಾಗಾದರೆ ಕೋಳಿ ತನ್ನ ತತ್ತಿಯಲ್ಲಿ ಅಂಥದ್ದನ್ನು ಯಾಕೆ ಇಟ್ಟಿತು? ಚಿಪ್ಪಿನ ಸಣ್ಣ ತೂತಿನಿಂದ ಒಳಗೆ ನುಗ್ಗುವ ರೋಗಾಣುಗಳಿಗೆ ಬಯೋಟಿನ್ ಸಿಗದಿರಲಿ ಎಂದಿರಬೇಕು, ತಿಳಿದವರು ಹಾಗೆ ಊಹಿಸುತ್ತಾರೆ ಎಂದರು. ಬಿಸಿ ಹಾಲಿಗೆ ಹಾಕಿ ಕುಡಿದರೆ? ಕುಡಿಯಲು ಬರುವಷ್ಟು ಬಿಸಿ ಸಾಲದು, ಬಿಳಿ ಪೂರ್ತಿ ಗಟ್ಟಿಯಾಗುವವರೆಗೆ ಕುದಿಯಬೇಕು. ಒಡಕು ತತ್ತಿಯಂತೂ ಹಸಿಯಾಗಿ ಬಾಯಿಗೆ ಹಚ್ಚಲೇಬಾರದು, ಬಿರುಕಿನಿಂದ ಬೇರೆ ಹೊಲಸು ರೋಗಾಣು ಒಳಸೇರಿರುತ್ತವೆ, ವಾಂತಿ ಭೇದಿಗೆ ಅಷ್ಟು ಸಾಕು.

ಇಷ್ಟು ದಿನ ತಲೆ ತಗ್ಗಿಸಿ ಕೂತವನು ದನದ ದವಾಖಾನೆಯಲ್ಲಿ ಹೀಗೆ ಪ್ರಶ್ನೆ ಕೇಳುತ್ತ ನಿಂತಿದ್ದ. ಕಡೆಯ ಪ್ರಶ್ನೆಯನ್ನು ಮಾತ್ರ ಅವನು ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಅಂದ್ರ ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲೇನ್ರಿ?"

"ನನ್ನ ವಿಚಾರ ಖರೆ ಇದ್ರ, ಅಲ್ಲ. ಬಿಳೇದು ಬಿಟ್ಟು ನೋಡು, ಗೊತ್ತಾಗತೈತಿ."

ಡಾಕ್ಟರು ಹುಬ್ಬಳ್ಳಿಯ ಒಬ್ಬ ಚರ್ಮದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಆ ಡಾಕ್ಟರು ಮುಖವನ್ನೂ ಚೀಟಿಯನ್ನೂ ನೋಡಿ, ಪುಸ್ತಕದಲ್ಲಿ ಓದಿದ್ದೆ, ಕಣ್ಣಿಂದ ನೋಡುವುದು ಇದೇ ಮೊದಲು ಎಂದು ಒಳಗಿನ ಕೋಣೆಯಿಂದ ಇನ್ನಿಬ್ಬರು ಡಾಕ್ಟರನ್ನು ಕರೆದು ತೋರಿಸಿದರು. ಬಯೋಟಿನ್ನನ್ನು ಅಳೆಯುವ ಪರೀಕ್ಷೆ ಆಗ ನಮ್ಮ ಕಡೆ ಎಲ್ಲೂ ಇರಲಿಲ್ಲ. ನನ್ನ ಪರೀಕ್ಷೆಯನ್ನು ತಾವೂ ಮತ್ತೊಮ್ಮೆ ಮಾಡಿ, ಕುಷ್ಠದ ಯಾವ ಲಕ್ಷಣವೂ ಕಾಣುವುದಿಲ್ಲ ಎಂದರು. ಬಯೋಟಿನ್ ಇರುವ ಗುಳಿಗೆ ಬರೆದರು. ಹಸಿ ತತ್ತಿ ಬಂದ್, ಬೇಯಿಸಿದ ಇಡೀ ತತ್ತಿ, ಶೇಂಗಾ, ರೊಟ್ಟಿ, ಕಾಳು.

ಮೂರನೇ ವಾರಕ್ಕೆ ಮುಖದ ಹೊಟ್ಟು ಉದುರಿತು, ಕೆಂಪು ಇಳಿಯಿತು. ಇರುವೆ ಹರಿಯುವುದು ನಿಂತಿತು. ಊಟ ಸೇರಿತು. ಹುಬ್ಬು ಮಾತ್ರ ನಮ್ಮನ್ನು ಬಹಳ ಕಾಯಿಸಿತು. ಹೋದಾಗೆಲ್ಲ ನಾನು ಕನ್ನಡಕ ಮೇಲೇರಿಸಿ ಅವನ ಹುಬ್ಬಿನ ಜಾಗ ನೋಡುವುದು, ಅವನು ಏನಾದರೂ ಬಂತೇನ್ರಿ ಎಂದು ಕೇಳುವುದು. ಏಪ್ರಿಲ್ ಕೊನೆಗೆ ಎಳೆಗೂದಲು ಕಾಣಿಸಿತು. ಮೇ ತಿಂಗಳಿಗೆ ಹುಬ್ಬು ಹುಬ್ಬಿನಂತೆಯೇ ಆಯಿತು. ಅಷ್ಟಾದರೂ ಅವನು ಕುರಿಹಟ್ಟಿಯಲ್ಲೇ ಇದ್ದ. ತಾನಾಗಿ ಹೊಸ್ತಿಲು ದಾಟಲಿಲ್ಲ. ಹನಮವ್ವ ಕರೆಯಲೂ ಇಲ್ಲ. ತತ್ತಿಯಿಂದ ಹುಬ್ಬು ಉದುರುತ್ತದೆ ಅಂದರೆ ಯಾರು ನಂಬಿಯಾರು, ಸರ್ಕಾರದವರು ಮುಚ್ಚಿಹಾಕುತ್ತಿದ್ದಾರೆ ಎಂದು ಊರವರ ಅಂಬೋಣ. ಆ ಊರವರ ನಡುವೆಯೇ ಹನಮವ್ವ ಬದುಕಬೇಕಿತ್ತು.

ರೋಗ ತಗುಲಿಸಿದ್ದು ನಾನಲ್ಲ, ಹೆಸರು ತಗುಲಿಸಿದ್ದು ನಾನು. ತೆಗೆಯುವುದೂ ನನ್ನ ಪಾಲಿನ ಕೆಲಸವಾಗಿತ್ತು. ಒಂದು ಮುಂಜಾನೆ ರಿಜಿಸ್ಟರು ಹಿಡಿದು ಅದೇ ಕಟ್ಟೆಯ ಮುಂದೆ ನಿಂತೆ. ಹತ್ತಾರು ಜನ ಸೇರಿದರು. ಎಲ್ಲರೂ ನೋಡುವಂತೆ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಅವತ್ತು ಇಲ್ಲೇ ಎಲ್ಲರೆದುರು ತಪ್ಪು ಮಾಡಿದೆ, ಇವತ್ತು ಇಲ್ಲೇ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ ಎಂದೆ. ಬಾಜು ಮನೆಯ ಯಲ್ಲಪ್ಪ ಕೈಕಟ್ಟಿ ನಿಂತಿದ್ದ. ಗೆರೆ ಎಳೆಯುವುದು ನಿಮ್ಮ ಕೈಯಲ್ಲೇ ಇದೆ ಎಂದ, ಅಷ್ಟೆ.

ಅಂದಾನೆಪ್ಪ ತನ್ನ ಪಾಲಿನ ತತ್ತಿಗಳನ್ನು ಕುದಿಸಿ ಪಾತ್ರೆಯಲ್ಲಿ ಇಟ್ಟುಕೊಂಡಿದ್ದ. ಒಂದನ್ನು ಸುಲಿದು ಕೊಡು ಎಂದೆ. ಅವನು ಬೆರಳಲ್ಲಿ ಸುಲಿದು ಕೊಟ್ಟ. ಎಲ್ಲರೆದುರು ತಿಂದೆ. ಯಲ್ಲಪ್ಪ ಅದಕ್ಕೂ ಜಗ್ಗಲಿಲ್ಲ. ನಿಮಗೇನು, ಸರ್ಕಾರದ ಗುಳಿಗೆ ಇವೆ ಎಂದ. ಜನ ಹೌದೆಂದು ಗೋಣು ಹಾಕಿದರು. ನನ್ನ ಸಿಟ್ಟು ನೆತ್ತಿಗೇರಿತು. ರಿಜಿಸ್ಟರನ್ನು ಕಟ್ಟೆಯ ಮೇಲೆ ಬಡಿದೆ. ಅಂದಾನೆಪ್ಪ ಪಾತ್ರೆ ಎತ್ತಿಕೊಂಡು ಕುರಿಹಟ್ಟಿಯ ಕಡೆ ತಿರುಗಿದ.

ಬಾಗಿಲ ಒಳಗೆ ಕತ್ತಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಹನಮವ್ವ ಹೊರಗೆ ಬಂದಳು. ಸೊಂಟದ ಮೇಲೆ ರಾಮವ್ವ ಇದ್ದಳು. ಯಾರ ಮುಖವನ್ನೂ ನೋಡದೆ ನೆಟ್ಟಗೆ ಅಳಿಯನ ಎದುರು ಹೋಗಿ ನಿಂತು, ಇನ್ನೊಂದು ಸುಲಿ ಎಂದಳು. ಅವನು ಅವಸರದಲ್ಲಿ ಸುಲಿದ, ಚಿಪ್ಪಿನ ಚೂರು ಬಿಳಿಗೆ ಅಂಟಿಕೊಂಡಿತು. ಅದನ್ನು ಅವನು ಉಗುರಿನಿಂದ ತೆಗೆಯುವವರೆಗೂ ಆಕೆ ಕಾದಳು. ಆಮೇಲೆ ತತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡು ಎರಡಾಗಿ ಮುರಿದಳು. ಹಳದಿಯನ್ನು ಬೆರಳಿನಿಂದ ಬಿಡಿಸಿ ಅವನ ಅಂಗೈಗೆ ಹಾಕಿದಳು.

"ಇದನ್ನ ನೀ ತಿನ್ನಪಾ. ಬಿಳೇದು ಕುಡಿ ಅಂದಾಕಿ ನಾನು, ಅದು ನನಗಿರ್ಲಿ," ಎಂದು ಬಿಳಿಯನ್ನು ಬಾಯಿಗಿಟ್ಟುಕೊಂಡಳು. ಅಗಿದು ನುಂಗುವವರೆಗೆ ಯಲ್ಲಪ್ಪನನ್ನೇ ದಿಟ್ಟಿಸಿದಳು. ನುಂಗಿ ಆದಮೇಲೆ ಮಗುವನ್ನು ಅಂದಾನೆಪ್ಪನ ತೋಳಿಗೆ ದಾಟಿಸಿ, ಅವನ ತಾಟು ತರಲು ತಾನೇ ಕುರಿಹಟ್ಟಿಯ ಕಡೆ ಹೊರಟಳು.